ಬ್ಯಾಂಕಿಗೆ ನಗದು ಕಟ್ಟಿದ್ದಕ್ಕೂ ಚಾರ್ಜ್: ಸಣ್ಣ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ತಿಂಗಳ ಸ್ಟೇಟ್‌ಮೆಂಟ್ ಕೈಗೆ ಬಂದಾಗ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇದ್ಯಾವ ಚಾರ್ಜು, ನಮ್ಮ ದುಡ್ಡು ನಾವು ಕಟ್ಟಿದ್ದಕ್ಕೆ?" ಆ ಪ್ರಶ್ನೆಯ ಹಿಂದೆ ಬರುವ ಉಳಿದ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಯಲ್ಲಿ ಬರುವ ದರ, ಮಿತಿ ಎಲ್ಲ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ನಿಮ್ಮ ಬ್ಯಾಂಕಿನ ದರಪಟ್ಟಿ ತೆಗೆದು ಅದರ ಅಂಕಿಗಳನ್ನು ಆ ಜಾಗದಲ್ಲಿ ಹಾಕಿ ನೋಡಿ.

ನನ್ನ ಹಣ ನನ್ನ ಖಾತೆಗೆ ಕಟ್ಟಿದರೆ ಬ್ಯಾಂಕ್ ಯಾಕೆ ಚಾರ್ಜ್ ಹಾಕುತ್ತದೆ?

ಬ್ಯಾಂಕಿಗೆ ನಗದು ಅಂದರೆ ಕೆಲಸ. ನೋಟು ಎಣಿಸಬೇಕು, ಖೋಟಾ ಇದೆಯಾ ನೋಡಬೇಕು, ಹರಿದದ್ದು ಬೇರೆ, ಚೆನ್ನಾಗಿರುವುದು ಬೇರೆ ಮಾಡಬೇಕು, ಕಟ್ಟು ಕಟ್ಟಬೇಕು. ಜಾಸ್ತಿಯಾದದ್ದನ್ನು ಕಾವಲಿನ ಗಾಡಿಯಲ್ಲಿ ಕರೆನ್ಸಿ ಚೆಸ್ಟ್‌ಗೆ, ಅಂದರೆ ರಿಸರ್ವ್ ಬ್ಯಾಂಕಿನ ಪರವಾಗಿ ನೋಟು ಕೂಡಿಡುವ ಖಜಾನೆಗೆ ಕಳಿಸಬೇಕು. ಅದಕ್ಕೆಲ್ಲ ಖರ್ಚಿದೆ ಅನ್ನುವುದು ಬ್ಯಾಂಕಿನ ವಾದ. ವಾದದಲ್ಲಿ ಹುರುಳಿದೆ. ಆದರೆ ಅದೇ ದುಡ್ಡನ್ನು ಬ್ಯಾಂಕ್ ಬಡ್ಡಿಗೂ ಕೊಡುತ್ತದೆ, ಕರೆಂಟ್ ಅಕೌಂಟಿನಲ್ಲಿ ನಮಗೆ ಬಡ್ಡಿಯನ್ನೂ ಕೊಡುವುದಿಲ್ಲ. ಅದಕ್ಕೇ ಪ್ರತಿ ತಿಂಗಳು ಒಂದಷ್ಟು ಮೊತ್ತದವರೆಗೆ ಉಚಿತ, ಅದರ ಮೇಲೆ ಚಾರ್ಜ್ ಅನ್ನುವ ಏರ್ಪಾಡು ಮಾಡಿಕೊಂಡಿದ್ದಾರೆ.

ಈ ದರವನ್ನು ರಿಸರ್ವ್ ಬ್ಯಾಂಕ್ ಗೊತ್ತುಮಾಡುತ್ತದೆಯೇ?

ಇಲ್ಲ. ಇಂಥ ಸೇವೆಗಳ ದರವನ್ನು ಆಯಾ ಬ್ಯಾಂಕಿನ ಆಡಳಿತ ಮಂಡಳಿಯೇ ತೀರ್ಮಾನಿಸುತ್ತದೆ. ದರ ನ್ಯಾಯವಾಗಿರಬೇಕು, ಗ್ರಾಹಕರಿಗೆ ಮೊದಲೇ ಗೊತ್ತಿರಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಲುವು. ಹಾಗಾಗಿ ಪಕ್ಕದ ಅಂಗಡಿಯವರಿಗೆ ಬೀಳದ ಚಾರ್ಜ್ ನಿಮಗೆ ಬೀಳಬಹುದು. ಅವರ ಬ್ಯಾಂಕ್ ಬೇರೆ ಇರಬಹುದು. ಒಂದೇ ಬ್ಯಾಂಕಿನಲ್ಲೂ ಅವರ ಅಕೌಂಟಿನ ಸ್ಕೀಮ್ ಬೇರೆ ಇರಬಹುದು. ಕರೆಂಟ್ ಅಕೌಂಟ್ ಅಂದರೆ ಒಂದೇ ಜಾತಿ ಅಲ್ಲ. ಒಂದೊಂದು ಬ್ಯಾಂಕಿನಲ್ಲಿ ಐದಾರು ತರಹ ಇರುತ್ತವೆ. ಮೊದಲು ನಿಮ್ಮದು ಯಾವ ಸ್ಕೀಮ್ ಎಂದು ಬ್ರಾಂಚಿನಲ್ಲಿ ಕೇಳಿ, ಆಮೇಲೆ ಅದೇ ಹೆಸರಿನ ದರಪಟ್ಟಿ ನೋಡಿ.

ದರಪಟ್ಟಿಯಲ್ಲಿ ಏನು ನೋಡಬೇಕು?

ಒಂದೇ ಸಾಲಿನಲ್ಲಿ ಮೂರು ವಿಷಯ ತುರುಕಿರುತ್ತಾರೆ. ತಿಂಗಳ ಉಚಿತ ಮಿತಿ ಎಷ್ಟು, ಅದರ ಮೇಲೆ ಸಾವಿರಕ್ಕೆ ಎಷ್ಟು, ಒಂದು ಸಲ ಕಟ್ಟಿದರೆ ಕನಿಷ್ಠ ಎಷ್ಟು. ಎಲ್ಲರೂ ಮೊದಲಿನ ಎರಡನ್ನು ಓದುತ್ತಾರೆ. ಮೂರನೆಯದನ್ನು ಬಿಟ್ಟುಬಿಡುತ್ತಾರೆ. ನಾನು ನೋಡಿದ ಮಟ್ಟಿಗೆ ಸಣ್ಣ ವ್ಯಾಪಾರಿಗೆ ಹೊಡೆತ ಕೊಡುವುದು ಆ ಮೂರನೆಯದೇ.

ಇನ್ನೊಂದು ಮಾತು ಗಮನಿಸಿ: "ಯಾವುದು ಹೆಚ್ಚೋ ಅದು". ಉಚಿತ ಮಿತಿ ಇಷ್ಟು ಲಕ್ಷ, ಅಥವಾ ನಿಮ್ಮ ಸರಾಸರಿ ಬ್ಯಾಲೆನ್ಸಿನ ಇಷ್ಟು ಪಟ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದು ಎಂದು ಕೆಲವು ಸ್ಕೀಮ್‌ಗಳಲ್ಲಿ ಇರುತ್ತದೆ. ಇದು ನಿಮ್ಮ ಪರವಾಗಿರುವ ಮಾತು. ಎಸ್‌ಬಿ ಅಕೌಂಟಿನಲ್ಲಿ ಬರುವ "ಯಾವುದು ಮೊದಲೋ ಅದು" ನಿಮ್ಮ ಪರವಾಗಿಲ್ಲ. ಅಲ್ಲಿ ಕಟ್ಟಿದ ಸಲಗಳಿಗೂ ಮಿತಿ, ಮೊತ್ತಕ್ಕೂ ಮಿತಿ. ಎರಡರಲ್ಲಿ ಒಂದು ಮುಗಿದರೂ ಚಾರ್ಜ್ ಶುರು.

ಒಂದು ತಿಂಗಳ ಲೆಕ್ಕ ಹಾಕಿ ತೋರಿಸುತ್ತೀರಾ?

ಆಗಲಿ. ಉಚಿತ ಮಿತಿ ತಿಂಗಳಿಗೆ 2 ಲಕ್ಷ ರೂಪಾಯಿ, ಅಥವಾ ಹಿಂದಿನ ತಿಂಗಳ ಸರಾಸರಿ ಬ್ಯಾಲೆನ್ಸಿನ 10 ಪಟ್ಟು, ಯಾವುದು ಹೆಚ್ಚೋ ಅದು ಎಂದಿಟ್ಟುಕೊಳ್ಳಿ. ಮಿತಿ ದಾಟಿದರೆ ಸಾವಿರಕ್ಕೆ 4 ರೂಪಾಯಿ. ಆದರೆ ಒಂದು ಸಲ ಕಟ್ಟಿದ್ದಕ್ಕೆ ಕನಿಷ್ಠ 50 ರೂಪಾಯಿ. ಇದರ ಮೇಲೆ ಶೇಕಡಾ 18 ಜಿಎಸ್‌ಟಿ.

ಅಂಗಡಿಯ ಗಲ್ಲಾದಿಂದ ದಿನಕ್ಕೆ 10,000 ರೂಪಾಯಿ ಬ್ಯಾಂಕಿಗೆ ಹೋಗುತ್ತದೆ. ತಿಂಗಳಲ್ಲಿ 26 ದಿನ ಕಟ್ಟಿದರೆ 2,60,000. ಹಿಂದಿನ ತಿಂಗಳ ಸರಾಸರಿ ಬ್ಯಾಲೆನ್ಸ್ 18,000 ಇತ್ತು. ಅದರ 10 ಪಟ್ಟು 1,80,000. ಇದು 2 ಲಕ್ಷಕ್ಕಿಂತ ಕಡಿಮೆ, ಹಾಗಾಗಿ ಮಿತಿ 2 ಲಕ್ಷವೇ.

ಮೊದಲ 20 ಸಲ ಉಚಿತ. ಉಳಿದ 6 ಸಲಕ್ಕೆ ಚಾರ್ಜ್. ಸಾವಿರಕ್ಕೆ 4 ರೂಪಾಯಿಯಂತೆ 10,000ಕ್ಕೆ 40 ರೂಪಾಯಿ ಆಗಬೇಕು. ಆದರೆ ಕನಿಷ್ಠ 50 ಇದೆಯಲ್ಲ, ಆದ್ದರಿಂದ ಪ್ರತಿ ಸಲ 50. ಒಟ್ಟು 300, ಜಿಎಸ್‌ಟಿ 54, ಸೇರಿ 354 ರೂಪಾಯಿ.

60,000 ರೂಪಾಯಿಗೆ ಸಾವಿರಕ್ಕೆ ನಾಲ್ಕರ ಲೆಕ್ಕದಲ್ಲಿ 240 ಆಗುತ್ತಿತ್ತು. ಆದದ್ದು 300. ಅಂದರೆ ನೀವು ಕೊಟ್ಟದ್ದು ಸಾವಿರಕ್ಕೆ 4 ಅಲ್ಲ, 5.

ಹಾಗಾದರೆ ಎರಡು ಮೂರು ದಿನದ್ದು ಸೇರಿಸಿ ಕಟ್ಟಿದರೆ ಒಳ್ಳೆಯದಲ್ವಾ?

ಒಳ್ಳೆಯದು, ಆದರೆ ಮಿತಿ ದಾಟಿದ ಮೇಲೆ ಮಾತ್ರ. ದಾಟುವವರೆಗೆ ದಿನಾ ಕಟ್ಟಿದರೂ ಖರ್ಚಿಲ್ಲ. ಆಗ ಸುಮ್ನೆ ಅಂಗಡಿಯಲ್ಲಿ ದುಡ್ಡು ಇಟ್ಟುಕೊಂಡು ನಿದ್ದೆ ಕೆಡಿಸಿಕೊಳ್ಳುವುದು ಬೇಡ. ಸ್ಕೀಮಿನಲ್ಲಿ ಸಲಗಳಿಗೂ ಮಿತಿ ಇದ್ದರೆ ಮಾತ್ರ ಮೊದಲಿಂದಲೇ ಸೇರಿಸಿ ಕಟ್ಟಬೇಕು.

ಎಷ್ಟು ಸೇರಿಸಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಕನಿಷ್ಠ ಚಾರ್ಜನ್ನು ಸಾವಿರದ ದರದಿಂದ ಭಾಗಿಸಿ. 50 ಭಾಗಿಸು 4, ಅಂದರೆ 12.5. ಒಂದು ಸಲಕ್ಕೆ 12,500 ರೂಪಾಯಿಗಿಂತ ಕಡಿಮೆ ಕಟ್ಟಿದರೆ ಕನಿಷ್ಠ ಚಾರ್ಜ್ ನಿಮ್ಮನ್ನು ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಕಟ್ಟಿದರೆ ಹಿಡಿಯುವುದಿಲ್ಲ.

ಮೇಲಿನ ಅಂಗಡಿಯಲ್ಲಿ ಎರಡು ದಿನದ್ದು ಸೇರಿಸಿ 20,000ದಂತೆ ಮೂರು ಸಲ ಕಟ್ಟಿದರೆ ಸಲಕ್ಕೆ 80, ಒಟ್ಟು 240. ಜಿಎಸ್‌ಟಿ 43 ರೂಪಾಯಿ 20 ಪೈಸೆ ಸೇರಿ 283 ರೂಪಾಯಿ 20 ಪೈಸೆ. ಸುಮಾರು 70 ರೂಪಾಯಿ ಉಳಿಯಿತು. ಆರೂ ದಿನದ್ದು ಸೇರಿಸಿ ಒಂದೇ ಸಲ 60,000 ಕಟ್ಟಿದರೂ ಅದೇ 240. ಅಂದರೆ ಎರಡು ದಿನಕ್ಕಿಂತ ಜಾಸ್ತಿ ದುಡ್ಡು ಕೂಡಿಟ್ಟುಕೊಂಡರೆ ಬರುವುದು ಏನೂ ಇಲ್ಲ, ಕಳ್ಳರ ಭಯ ಒಂದು ಜಾಸ್ತಿ. ಅಂಗಡಿಗೆ ವಿಮೆ ಇದ್ದರೆ ರಾತ್ರಿ ಗಲ್ಲಾದಲ್ಲಿಟ್ಟ ನಗದಿಗೆ ಅದು ಅನ್ವಯಿಸುತ್ತದೆಯೇ, ಎಷ್ಟರವರೆಗೆ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಿ.

ಮಿತಿ ದಾಟುವ ದಿನ ಪೂರ್ತಿ ಮೊತ್ತಕ್ಕೆ ಚಾರ್ಜ್ ಬೀಳುತ್ತದೆಯೇ?

ಸಾಮಾನ್ಯವಾಗಿ ಇಲ್ಲ, ದಾಟಿದ ಭಾಗಕ್ಕೆ ಮಾತ್ರ. ಉಚಿತ ಮಿತಿಯಲ್ಲಿ 12,000 ಉಳಿದಿದೆ, ನೀವು 30,200 ಕಟ್ಟಿದಿರಿ. ಚಾರ್ಜ್ ಬೀಳುವುದು 18,200ಕ್ಕೆ. ದರಪಟ್ಟಿಯಲ್ಲಿ "ಸಾವಿರ ಅಥವಾ ಅದರ ಭಾಗಕ್ಕೆ" ಎಂದಿದ್ದರೆ ಅದು 19 ಸಾವಿರದ ಲೆಕ್ಕ, 76 ರೂಪಾಯಿ. ಆ ಮಾತು ಇಲ್ಲದಿದ್ದರೆ 72 ರೂಪಾಯಿ 80 ಪೈಸೆ. ಪೂರ್ತಿ 30,200ಕ್ಕೆ ಹಾಕಿದ್ದರೆ ಕೇಳಿ. ಬರೆದಿರುವ ನಿಯಮ ತೋರಿಸಲಿ.

ಬ್ಯಾಲೆನ್ಸ್ ಜಾಸ್ತಿ ಇಟ್ಟರೆ ಚಾರ್ಜ್ ತಪ್ಪುತ್ತದೆಯೇ?

"ಸರಾಸರಿಯ ಇಷ್ಟು ಪಟ್ಟು" ಎಂಬ ಮಾತು ನಿಮ್ಮ ಸ್ಕೀಮಿನಲ್ಲಿದ್ದರೆ ತಪ್ಪುತ್ತದೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನಮ್ಮ ಅಂಗಡಿಗೆ ಬೇಕಾದ ಮಿತಿ 2,60,000. ಅದರ ಹತ್ತನೇ ಒಂದು ಭಾಗ 26,000. ಸರಾಸರಿ ಬ್ಯಾಲೆನ್ಸ್ 18,000ದ ಬದಲು 26,000 ಇದ್ದಿದ್ದರೆ ಉಚಿತ ಮಿತಿಯೇ 2,60,000 ಆಗುತ್ತಿತ್ತು. ಚಾರ್ಜ್ ಸೊನ್ನೆ. ಅಂದರೆ 8,000 ರೂಪಾಯಿ ಖಾತೆಯಲ್ಲಿ ಸುಮ್ಮನೆ ಮಲಗಿದ್ದರೆ ತಿಂಗಳಿಗೆ 354 ರೂಪಾಯಿ ಉಳಿಯುತ್ತದೆ. ಆ 8,000ವನ್ನು ವರ್ಷಕ್ಕೆ ಶೇಕಡಾ 18ರ ಬಡ್ಡಿಗೆ ಸಾಲ ತಂದು ಇಟ್ಟರೂ ತಿಂಗಳ ಬಡ್ಡಿ 120 ರೂಪಾಯಿ. ಸಾಲ ತನ್ನಿ ಅನ್ನುತ್ತಿಲ್ಲ. ಯಾವುದು ದುಬಾರಿ ಎಂದು ಕಾಣಲಿ ಅಂತ ಹೇಳಿದೆ.

ಸರಾಸರಿ ಅಂದರೆ ದಿನಾ ಅಷ್ಟು ಇರಬೇಕು ಅಂತಲ್ಲ. ಪ್ರತಿದಿನದ ಕೊನೆಯ ಬ್ಯಾಲೆನ್ಸನ್ನು ಕೂಡಿ, ತಿಂಗಳ ದಿನಗಳಿಂದ ಭಾಗಿಸುತ್ತಾರೆ. 30 ದಿನದ ತಿಂಗಳಲ್ಲಿ ಹತ್ತು ದಿನ 24,000 ಜಾಸ್ತಿ ಇದ್ದರೂ ಸರಾಸರಿ 8,000 ಏರುತ್ತದೆ. ಸಗಟು ವ್ಯಾಪಾರಿಗೆ ಕೊಡುವ ದುಡ್ಡಿಗೆ ಹತ್ತು ದಿನ ಗಡುವು ಇದೆ, ಆದರೆ ನೀವು ಅಭ್ಯಾಸಬಲದಿಂದ ಎರಡನೇ ದಿನವೇ ಕಳಿಸುತ್ತೀರಿ ಅನ್ನಿ. ಗಡುವಿನವರೆಗೆ ಅದನ್ನು ಖಾತೆಯಲ್ಲೇ ಇಟ್ಟರೆ ಈ ಕೆಲಸ ಆಗಿಹೋಗುತ್ತದೆ.

ಒಂದು ತೊಡಕಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಹಿಂದಿನ ತಿಂಗಳ ಸರಾಸರಿ. ಈ ತಿಂಗಳು ಮಿತಿ ದಾಟಿತು ಎಂದು ಈಗ ಬ್ಯಾಲೆನ್ಸ್ ಏರಿಸಿದರೆ ಈ ತಿಂಗಳಿಗೆ ಉಪಯೋಗವಿಲ್ಲ. ಸೀಸನ್ ಬರುವ ಹಿಂದಿನ ತಿಂಗಳೇ ಏರಿಸಬೇಕು. ಕೆಲವು ಕಡೆ ಅದೇ ತಿಂಗಳ ಸರಾಸರಿ ಹಿಡಿಯುತ್ತಾರೆ. ನಿಮ್ಮಲ್ಲಿ ಯಾವುದು ಎಂದು ಕೇಳಿಕೊಳ್ಳಿ.

ತಿಂಗಳ ಕೊನೆಯ ಕಲೆಕ್ಷನ್ ಒಂದನೇ ತಾರೀಖು ಕಟ್ಟಿದರೆ?

ಇದು ಜಾಣತನದ ಹಾಗೆ ಕಾಣುತ್ತದೆ. ಕೊನೆಯ ಎರಡು ದಿನದ 20,000ವನ್ನು ಮುಂದಿನ ತಿಂಗಳಿಗೆ ತಳ್ಳಿದರೆ ಈ ತಿಂಗಳ ಹೆಚ್ಚುವರಿ 60,000ದ ಬದಲು 40,000. ಸರಿ. ಆದರೆ ಮುಂದಿನ ತಿಂಗಳೂ ವ್ಯಾಪಾರ ಇಷ್ಟೇ ಇದ್ದರೆ ಆ 20,000 ಅಲ್ಲಿ ಹೆಚ್ಚುವರಿಯಾಗಿ ಕೂರುತ್ತದೆ. ಪ್ರತಿ ತಿಂಗಳೂ ತಳ್ಳುತ್ತಾ ಹೋದರೆ ಉಳಿತಾಯ ಆಗುವುದು ಮೊದಲ ತಿಂಗಳು ಮಾತ್ರ.

ವ್ಯಾಪಾರ ಏರಿಳಿತ ಇದ್ದರೆ ಮಾತ್ರ ಈ ಉಪಾಯ ನಿಜವಾಗಿ ಕೆಲಸ ಮಾಡುತ್ತದೆ. ಹಬ್ಬದ ತಿಂಗಳು 2,20,000, ಮುಂದಿನ ತಿಂಗಳು 1,50,000 ಎಂದು ಗೊತ್ತಿದ್ದರೆ ಕೊನೆಯ 20,000ವನ್ನು ತಳ್ಳಿ. ಎರಡು ತಿಂಗಳೂ ಉಚಿತ. ಹಾಗೆ ಮಾಡುವ ಮುಂಚೆ ಬ್ಯಾಂಕಿನ ತಿಂಗಳು ಒಂದನೇ ತಾರೀಖಿಗೆ ಶುರುವಾಗುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ.

ಬೇರೆ ಬ್ರಾಂಚಿನಲ್ಲಿ ಕಟ್ಟಿದರೆ ಏನಾಗುತ್ತದೆ?

ಖಾತೆ ತೆರೆದ ಬ್ರಾಂಚ್ ನಿಮ್ಮ ಹೋಮ್ ಬ್ರಾಂಚ್. ಬೇರೆ ಬ್ರಾಂಚಿಗೆ ಕೆಲವು ಬ್ಯಾಂಕುಗಳು ಬೇರೆಯದೇ, ಚಿಕ್ಕ ಮಿತಿ ಇಟ್ಟಿರುತ್ತವೆ. ದಿನಕ್ಕೆ ಇಷ್ಟೇ ಎಂಬ ಕಟ್ಟುಪಾಡೂ ಇರಬಹುದು. ಮನೆ ದಾರಿಯಲ್ಲಿರುವ ಬ್ರಾಂಚಿಗೆ ಹೋಗುವುದು ಅನುಕೂಲ ಎಂದು ಅಲ್ಲೇ ಕಟ್ಟುತ್ತಿದ್ದರೆ, ಒಟ್ಟು ಮಿತಿ ದಾಟದಿದ್ದರೂ ಚಾರ್ಜ್ ಬಿದ್ದೀತು. ದಿನಾ ಆ ಬ್ರಾಂಚಿಗೇ ಹೋಗುವುದಾದರೆ ಖಾತೆಯನ್ನೇ ಅಲ್ಲಿಗೆ ವರ್ಗಾಯಿಸಲು ಅರ್ಜಿ ಕೊಡಿ. ಖಾತೆ ನಂಬರ್ ಬದಲಾಗುತ್ತದೆಯೇ ಎಂದು ಮೊದಲು ಕೇಳಿ, ಯಾಕೆಂದರೆ ಚೆಕ್ ಬುಕ್ಕಿನಿಂದ ಹಿಡಿದು ಬಿಲ್ಲಿನವರೆಗೆ ಅದನ್ನು ಅಚ್ಚು ಹಾಕಿಸಿರುತ್ತೀರಿ.

ನನ್ನ ಖಾತೆಗೆ ಗಿರಾಕಿಗಳು ಕಟ್ಟಿದ ನಗದೂ ನನ್ನ ಮಿತಿಯಲ್ಲೇ ಸೇರುತ್ತದೆಯೇ?

ಹೌದು, ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಯಾರು ಕಟ್ಟಿದರು ಅನ್ನುವುದಕ್ಕಿಂತ ಯಾವ ಖಾತೆಗೆ ಬಿತ್ತು ಅನ್ನುವುದು ಮುಖ್ಯ. ನೀವು ಸಗಟು ಮಾರುವವರಾದರೆ ಬೇರೆ ಊರಿನ ಅಂಗಡಿಯವರು ತಮ್ಮೂರಿನ ಬ್ರಾಂಚಿನಲ್ಲಿ ನಿಮ್ಮ ಖಾತೆಗೆ ಕಟ್ಟುತ್ತಾರೆ. ಮಿತಿ ಖರ್ಚಾಗುವುದು ನಿಮ್ಮದು. ಜೊತೆಗೆ ಬೇರೆ ಬ್ರಾಂಚಿನ ದರ.

ನಾನು ಲೆಕ್ಕ ಬರೆಯುವ ಒಬ್ಬರಿಗೆ ಪ್ರತಿ ತಿಂಗಳು ಚಾರ್ಜ್ ಬೀಳುತ್ತಿತ್ತು. ಅವರು ಸ್ವತಃ ಕಟ್ಟುತ್ತಿದ್ದ ನಗದು ಮಿತಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಬ್ಯಾಂಕ್ ತಪ್ಪು ಮಾಡಿದೆ ಎಂದು ಇಬ್ಬರೂ ಹೋಗಿ ಕೂತೆವು. ಅಧಿಕಾರಿ ಸ್ಟೇಟ್‌ಮೆಂಟ್ ತಿರುಗಿಸಿ ಒಂದೊಂದೇ ಸಾಲು ತೋರಿಸಿದರು. ಏಳೆಂಟು ಅಂಗಡಿಗಳಿಂದ ಸಣ್ಣ ಸಣ್ಣ ಮೊತ್ತ ಬೇರೆ ಬೇರೆ ಬ್ರಾಂಚುಗಳಲ್ಲಿ ಬಿದ್ದಿತ್ತು. ಒಂದೊಂದಕ್ಕೂ ಕನಿಷ್ಠ ಚಾರ್ಜ್. ಬಾಯಿ ಮುಚ್ಚಿಕೊಂಡು ಎದ್ದು ಬಂದೆವು. ಆಮೇಲೆ ಆ ಅಂಗಡಿಯವರಿಗೆಲ್ಲ ಯುಪಿಐ ಅಥವಾ ಅವರ ಖಾತೆಯಿಂದಲೇ ವರ್ಗಾವಣೆ ಮಾಡಿ ಎಂದು ಹೇಳಿಸಿದೆವು. ಅರ್ಧದಷ್ಟು ಜನ ಒಪ್ಪಿದರು, ಚಾರ್ಜ್ ನಿಂತಿತು.

ಮೆಷಿನ್‌ನಲ್ಲಿ ಹಾಕಿದರೆ ಉಚಿತವೇ?

ಬ್ಯಾಂಕಿನ ಮೇಲೆ ಹೋಗುತ್ತದೆ. ಕೆಲವರು ಮೆಷಿನ್‌ನಲ್ಲಿ ಹಾಕಿದ್ದನ್ನೂ ಅದೇ ಮಿತಿಗೆ ಸೇರಿಸುತ್ತಾರೆ. ಕೆಲವರು ಬೇರೆ ಇಡುತ್ತಾರೆ. ರಜಾದಿನ ಮತ್ತು ಸಂಜೆಯ ನಂತರ ಹಾಕಿದ್ದಕ್ಕೆ ಪ್ರತ್ಯೇಕ ಶುಲ್ಕ ತೆಗೆದುಕೊಳ್ಳುವ ಬ್ಯಾಂಕುಗಳೂ ಇವೆ. ಮೆಷಿನ್ ಅಂದಮೇಲೆ ಪುಕ್ಕಟೆ ಎಂದು ತಿಳಿಯಬೇಡಿ. 10, 20 ರೂಪಾಯಿ ನೋಟುಗಳನ್ನು ಅದು ಸಾಮಾನ್ಯವಾಗಿ ಮುಟ್ಟುವುದೂ ಇಲ್ಲ.

ಚಿಲ್ಲರೆ ನಾಣ್ಯ, ಸಣ್ಣ ನೋಟಿಗೆ ಬೇರೆ ಚಾರ್ಜ್ ಇದೆಯೇ? ನಾಣ್ಯ ಬೇಡ ಅನ್ನಬಹುದೇ?

ಬೇಡ ಅನ್ನುವಂತಿಲ್ಲ. ಚಲಾವಣೆಯಲ್ಲಿರುವ ಎಲ್ಲ ನಾಣ್ಯಗಳನ್ನು ಬ್ರಾಂಚುಗಳು ತೆಗೆದುಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ನೂರು ನೂರು ನಾಣ್ಯ ಎಣಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದರೆ ಇಬ್ಬರಿಗೂ ಅನುಕೂಲ ಎಂದೂ ಅದೇ ಸೂಚನೆಯಲ್ಲಿದೆ. ಕೌಂಟರಿನಲ್ಲಿ ಗೊಣಗಾಟ ಕಡಿಮೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಚಾರ್ಜ್ ವಿಷಯ ಬೇರೆ. ಕೆಲವು ಸ್ಕೀಮ್‌ಗಳಲ್ಲಿ ಸಣ್ಣ ನೋಟು, ನಾಣ್ಯಕ್ಕೆ ಮೊತ್ತದ ಮೇಲಲ್ಲ, ಕಟ್ಟಿನ ಮೇಲೆ ಶುಲ್ಕ ಇರುತ್ತದೆ. ನೂರು ನೋಟಿಗೆ ಒಂದು ಕಟ್ಟು. 10 ರೂಪಾಯಿಯ ಒಂದು ಕಟ್ಟು ಅಂದರೆ ಬರೀ ಸಾವಿರ ರೂಪಾಯಿ, 500ರ ಒಂದು ಕಟ್ಟು 50,000. ಕೆಲಸ ಒಂದೇ, ಮೊತ್ತ ಐವತ್ತು ಪಟ್ಟು ಬೇರೆ. ಹಾಗಾಗಿ ಕಟ್ಟಿನ ಲೆಕ್ಕದ ಶುಲ್ಕ ಸಣ್ಣ ನೋಟು ಜಾಸ್ತಿ ಬರುವ ವ್ಯಾಪಾರಕ್ಕೆ ಭಾರ. ಸಣ್ಣ ನೋಟುಗಳನ್ನು ಬ್ಯಾಂಕಿಗೆ ಹೊರುವ ಬದಲು ಚಿಲ್ಲರೆ ಬೇಕಾದ ಅಕ್ಕಪಕ್ಕದ ಅಂಗಡಿಗಳಿಗೆ ಕೊಟ್ಟು ದೊಡ್ಡ ನೋಟು ತೆಗೆದುಕೊಳ್ಳಿ. ನೋಟಿನ ಕಟ್ಟಿಗೆ ಪಿನ್ನು ಹೊಡೆಯಬೇಡಿ, ಕಾಗದದ ಪಟ್ಟಿ ಸುತ್ತಿ.

ವ್ಯಾಪಾರದ ದುಡ್ಡನ್ನು ಎಸ್‌ಬಿ ಅಕೌಂಟಿಗೆ ಹಾಕಿದರೆ ಈ ಗೋಳು ತಪ್ಪುತ್ತದೆಯೇ?

ತಪ್ಪುವುದಿಲ್ಲ, ಜಾಸ್ತಿಯಾಗುತ್ತದೆ. ಎಸ್‌ಬಿಯಲ್ಲಿ ನಗದು ಮಿತಿ ಸಾಮಾನ್ಯವಾಗಿ ಇನ್ನೂ ಚಿಕ್ಕದು, ಸಲಗಳ ಮಿತಿಯೂ ಇರುತ್ತದೆ. ವ್ಯಾಪಾರ ಸಂಸ್ಥೆಯ ಹೆಸರಿನಲ್ಲಿ ಎಸ್‌ಬಿ ಖಾತೆ ತೆರೆಯಲು ನಿಯಮದಲ್ಲಿ ಅವಕಾಶವೂ ಇಲ್ಲ. ಸ್ವಂತ ಹೆಸರಿನ ಖಾತೆಯಲ್ಲಿ ದಿನಾ ವ್ಯಾಪಾರದ ನಗದು ಓಡಾಡಿದರೆ ಬ್ಯಾಂಕ್ ಕರೆಂಟ್ ಅಕೌಂಟ್ ಮಾಡಿಸಿ ಎನ್ನುತ್ತದೆ. ಲೆಕ್ಕ ಬರೆಯುವವರಿಗೂ ಮನೆ ಖರ್ಚು, ಅಂಗಡಿ ಖರ್ಚು ಬೇರೆ ಮಾಡುವುದು ತಲೆನೋವು. ಇದು ನನ್ನ ಸ್ವಾರ್ಥದ ಮಾತು ಅಂದುಕೊಂಡರೂ ಸರಿ.

ಚಾರ್ಜ್ ಮೇಲಿನ ಜಿಎಸ್‌ಟಿ ವಾಪಸ್ ಸಿಗುತ್ತದೆಯೇ?

ನೀವು ಮಾಮೂಲಿ ಜಿಎಸ್‌ಟಿ ನೋಂದಣಿಯಲ್ಲಿದ್ದು, ತೆರಿಗೆ ಬೀಳುವ ಸರಕು ಮಾರುತ್ತಿದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ 354ರಲ್ಲಿ 54 ರೂಪಾಯಿ. ಆದರೆ ನಿಮ್ಮ ಜಿಎಸ್‌ಟಿ ನಂಬರ್ ಬ್ಯಾಂಕಿನ ದಾಖಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಆ ತೆರಿಗೆ ನಿಮ್ಮ ಹೆಸರಿಗೆ ಬರುವುದೇ ಇಲ್ಲ. ಕಾಂಪೋಸಿಷನ್ ಸ್ಕೀಮಿನವರಿಗೆ ಈ ಕ್ರೆಡಿಟ್ ಇಲ್ಲ. ಉಳಿದ 300 ರೂಪಾಯಿ ವ್ಯಾಪಾರದ ಖರ್ಚು, ಬ್ಯಾಂಕ್ ಚಾರ್ಜ್ ಎಂದು ಪುಸ್ತಕದಲ್ಲಿ ಬರೆಯಿರಿ.

ಮಿತಿ ದಾಟುತ್ತಿದೆ ಎಂದು ಮೊದಲೇ ತಿಳಿಯುವುದು ಹೇಗೆ?

ಬ್ಯಾಂಕ್ ಹೇಳುತ್ತದೆ ಎಂದು ಕಾಯಬೇಡಿ. ಚಲನ್ ಪುಸ್ತಕದ ಹಿಂದೆ, ಕಟ್ಟಿದ ಪ್ರತಿ ಸಲವೂ ಆ ತಿಂಗಳ ಒಟ್ಟು ಮೊತ್ತ ಬರೆಯುತ್ತಾ ಹೋಗಿ. ಬೇರೆಯವರು ನಿಮ್ಮ ಖಾತೆಗೆ ಕಟ್ಟಿದ್ದನ್ನು ಮೆಸೇಜ್ ನೋಡಿ ಅದಕ್ಕೇ ಸೇರಿಸಿ. ಒಂದು ನಿಮಿಷದ ಕೆಲಸ.

ಚಾರ್ಜ್ ಕೆಲವು ಕಡೆ ಕಟ್ಟಿದ ದಿನವೇ ಕಡಿತವಾಗುತ್ತದೆ, ಕೆಲವು ಕಡೆ ಮುಂದಿನ ತಿಂಗಳು ಒಟ್ಟಿಗೆ. ಒಟ್ಟಿಗೆ ಕಡಿತವಾಗುವ ಕಡೆ ಎಚ್ಚರ. ಆ ದಿನ ಬ್ಯಾಲೆನ್ಸ್ ಅಂಚಿನಲ್ಲಿದ್ದು, ನೀವು ಕೊಟ್ಟ ಚೆಕ್ ಅದೇ ದಿನ ಬಂದರೆ ಕೆಲವೇ ರೂಪಾಯಿಗೆ ಚೆಕ್ ಬೌನ್ಸ್ ಆಗಬಹುದು. ಆಗ ಬೀಳುವ ದಂಡದ ಮುಂದೆ ನಗದಿನ ಚಾರ್ಜ್ ಏನೂ ಅಲ್ಲ.

ತಪ್ಪಾಗಿ ಚಾರ್ಜ್ ಹಾಕಿದ್ದಾರೆ ಅನ್ನಿಸಿದರೆ?

ಸ್ಟೇಟ್‌ಮೆಂಟಿನಲ್ಲಿ ಆ ತಿಂಗಳ ನಗದು ಜಮೆಗಳನ್ನೆಲ್ಲ ಗುರುತು ಮಾಡಿ, ಕೂಡಿ, ಮಿತಿ ಕಳೆದು, ನಿಮ್ಮ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಬ್ರಾಂಚಿಗೆ ಕೊಡಿ. ಬಾಯಲ್ಲಿ ಜಗಳ ಆಡಬೇಡಿ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ದರ ಬದಲಾಗಿದೆ ಅಂದರೆ ಯಾವ ದಿನದಿಂದ, ನಮಗೆ ಹೇಗೆ ತಿಳಿಸಿದಿರಿ ಎಂದು ಕೇಳಿ. ದರ ಏರಿಸುವ ಮುಂಚೆ ಒಂದು ತಿಂಗಳು ಮೊದಲೇ ತಿಳಿಸಬೇಕು. ಹಳೆಯ ದಿನಾಂಕದಿಂದ ಅನ್ವಯಿಸುವಂತಿಲ್ಲ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. ಬ್ರಾಂಚಿಗೆ ಕೊಟ್ಟ ಅರ್ಜಿಯ ಸ್ವೀಕೃತಿ ಅಲ್ಲಿ ಬೇಕಾಗುತ್ತದೆ. ದರ ಜಾಸ್ತಿಯಾಯಿತು ಅನ್ನುವ ಬರೀ ಬೇಸರಕ್ಕೆ ಅಲ್ಲಿ ಪರಿಹಾರ ಸಿಗುವುದಿಲ್ಲ. ಬರೆದ ನಿಯಮಕ್ಕಿಂತ ಜಾಸ್ತಿ ಕಡಿತ ಮಾಡಿದ್ದಾರೆ ಎಂದು ತೋರಿಸಬೇಕು.